ರೋಲ್ ನಂಬರ್ ತಾಳೆಯಾಗದೆ ಹದಿನಾರು ಮಕ್ಕಳ ಅಂಕ ತಪ್ಪಾಗಿದೆ, ಮುಖ್ಯ ಶಿಕ್ಷಕರಿಗೆ ಪತ್ರ ಹೇಗೆ ಬರೆಯಲಿ?

ಗಣಿತ ಟೀಚರ್

ಎಲ್ಲರಿಗೂ ನಮಸ್ಕಾರ. ನಾನು ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತ ಪಾಠ ಮಾಡುತ್ತೇನೆ. ಒಂಬತ್ತನೇ ತರಗತಿ ಬಿ ವಿಭಾಗದಲ್ಲಿ 42 ಮಕ್ಕಳು. ಅರ್ಧವಾರ್ಷಿಕ ಪರೀಕ್ಷೆಯ 80 ಅಂಕದ ಪತ್ರಿಕೆ ತಿದ್ದಿ, ಅಂಕಪಟ್ಟಿ ಮಾಡಿ, ದಸರಾ ರಜೆಗೆ ಮುಂಚೆಯೇ ಮುಖ್ಯ ಶಿಕ್ಷಕರಿಗೆ ಕೊಟ್ಟಿದ್ದೆ. ರಜೆ ಮುಗಿದ ಮೇಲೆ ತರಗತಿಯಲ್ಲಿ ಅಂಕ ಓದುವಾಗ ಒಬ್ಬ ಹುಡುಗಿ ಎದ್ದು ನಿಂತು, "ಟೀಚರ್, ನಾನು ಗೈರುಹಾಜರಿ ಅಂದ್ರಿ, ನಾನು ಪರೀಕ್ಷೆ ಬರೆದಿದ್ದೀನಿ" ಅಂದಳು. ಕಟ್ಟು ಬಿಚ್ಚಿ ನೋಡಿದರೆ ಅವಳ ಪತ್ರಿಕೆ ಇದೆ, 66 ಅಂಕ ಬಂದಿದೆ.

ಕಾರಣ ಹುಡುಕಿದೆ. ಜುಲೈನಲ್ಲಿ ಒಬ್ಬ ಹುಡುಗಿ ಬೇರೆ ಊರಿನಿಂದ ಬಂದು ಸೇರಿದ್ದಳು. ಆಗ ಅವಳ ಹೆಸರನ್ನು ಕೊನೆಯಲ್ಲಿ, 42ನೇ ಸಂಖ್ಯೆಗೆ ಹಾಕಿದ್ದರು. ನನ್ನ ಅಂಕಗಳ ಪುಸ್ತಕದಲ್ಲೂ ಹಾಗೇ ಬರೆದುಕೊಂಡೆ. ಆಗಸ್ಟ್‌ನಲ್ಲಿ ತರಗತಿ ಶಿಕ್ಷಕರು ಹಾಜರಿ ಪುಸ್ತಕ ಹೊಸದಾಗಿ ಬರೆಯುವಾಗ ಅವಳನ್ನು ಅಕ್ಷರಾನುಕ್ರಮಕ್ಕೆ ತಂದು 27ಕ್ಕೆ ಸೇರಿಸಿದರು. ಹಿಂದೆ 27ರಿಂದ 41ರವರೆಗಿದ್ದ ಹುಡುಗಿಯರೆಲ್ಲ ಒಂದೊಂದು ಸಂಖ್ಯೆ ಕೆಳಗಿಳಿದರು. ಮಕ್ಕಳು ಪತ್ರಿಕೆ ಮೇಲೆ ಬರೆದದ್ದು ಹೊಸ ಸಂಖ್ಯೆ, ನನ್ನ ಪುಸ್ತಕದಲ್ಲಿದ್ದದ್ದು ಹಳೆಯದು. ನಾನು ಹೆಸರು ನೋಡದೆ ಸಂಖ್ಯೆ ನೋಡಿಕೊಂಡು ಅಂಕ ಏರಿಸಿಬಿಟ್ಟೆ. ಮೊದಲ 26 ಮಕ್ಕಳದ್ದು ಸರಿಯಿದೆ. ಉಳಿದ ಹದಿನಾರು ಹುಡುಗಿಯರಿಗೂ ಬೇರೆಯವರ ಅಂಕ ಬಿದ್ದಿದೆ.

ಬರೆದಿರುವ ಪತ್ರ ಇದು:

*"ಮಾನ್ಯರೇ, ಒಂಬತ್ತನೇ ಬಿ ವಿಭಾಗದ ಗಣಿತ ಅಂಕಪಟ್ಟಿಯಲ್ಲಿ ಕಣ್ತಪ್ಪಿನಿಂದ ಕೆಲವು ವಿದ್ಯಾರ್ಥಿನಿಯರ ಅಂಕಗಳು ಅದಲುಬದಲಾಗಿದ್ದು, ಸರಿಪಡಿಸಿರುತ್ತೇನೆ. ದಯವಿಟ್ಟು ಮನ್ನಿಸಬೇಕಾಗಿ ಕೋರಿಕೆ."*

ಇಷ್ಟು ಸಾಕೇ? "ಪತ್ರ ಗಿತ್ರ ಯಾಕಮ್ಮ, ವೈಟ್‌ನರ್ ಹಾಕಿ ತಿದ್ದಿ ಕೊಡಿ" ಎನ್ನುತ್ತಿದ್ದಾರೆ ಮುಖ್ಯ ಶಿಕ್ಷಕರು. ಹಾಗೆ ಮಾಡಲು ನನಗೆ ಮನಸ್ಸಿಲ್ಲ. ಅಂಕವನ್ನು ಇಲಾಖೆಯ ಆನ್‌ಲೈನ್ ದಾಖಲೆಯಾದ ಸ್ಯಾಟ್ಸ್‌ಗೆ ಇನ್ನೂ ಏರಿಸಿಲ್ಲ.

ಹಳ್ಳಿ ಶಾಲೆ ಮೇಷ್ಟ್ರು

ಮೇಡಂ, ಇಷ್ಟಕ್ಕೆಲ್ಲ ತಲೆ ಕೆಡಿಸಿಕೊಳ್ಳಬೇಡಿ. ಮುಖ್ಯ ಶಿಕ್ಷಕರೇ ತಿದ್ದಿ ಅಂದಮೇಲೆ ತಿದ್ದಿ ಕೊಡಿ. ತರಗತಿಯ ಒಟ್ಟು ಅಂಕ, ಸರಾಸರಿ, ಪಾಸಾದವರ ಸಂಖ್ಯೆ ಯಾವುದೂ ಬದಲಾಗಲ್ಲ. ಮೇಲಕ್ಕೆ ಹೋಗುವ ಲೆಕ್ಕ ಅಷ್ಟೇ ತಾನೆ?

ನಿವೃತ್ತ ಮುಖ್ಯ ಶಿಕ್ಷಕ, ಮಲೆನಾಡು

ಮೇಷ್ಟ್ರೇ, ಒಟ್ಟು ಬದಲಾಗುವುದಿಲ್ಲ ಎಂದಿರಿ, ಅದು ನಿಜ. ಈ ತಪ್ಪು ಇಷ್ಟು ದಿನ ಅಡಗಿ ಕೂತಿದ್ದು ಅದರಿಂದಲೇ. ಒಂದು ಅಂಕ ತಪ್ಪಾಗಿ ಕೂಡಿದ್ದರೆ ತಾಳೆ ನೋಡುವಾಗ ಸಿಕ್ಕಿಬೀಳುತ್ತದೆ. ಹದಿನಾರು ಅಂಕಗಳು ಒಂದೊಂದು ಮನೆ ಸರಿದು ಕೂತರೆ ಯಾವ ಮೊತ್ತವೂ ಅದನ್ನು ತೋರಿಸುವುದಿಲ್ಲ. ಗೈರಾದ ಮಗು ಒಬ್ಬಳಿದ್ದಳು, ಆ "ಗೈ" ಬೇರೆ ಹೆಸರಿನ ಮುಂದೆ ಬಿತ್ತು, ಹಾಗಾಗಿ ಗೊತ್ತಾಯಿತು. ಆ ದಿನ ಎಲ್ಲರೂ ಹಾಜರಿದ್ದಿದ್ದರೆ ವರ್ಷಪೂರ್ತಿ ಯಾರ ಗಮನಕ್ಕೂ ಬರುತ್ತಿರಲಿಲ್ಲ.

ಟೀಚರ್, ನಿಮ್ಮ ಪತ್ರದಲ್ಲಿ ಒಂದು ದೊಡ್ಡ ಕೊರತೆ ಇದೆ. "ಅಂಕಗಳನ್ನು ಸರಿಪಡಿಸಿರುತ್ತೇನೆ" ಎಂದು ಬರೆದಿದ್ದೀರಿ. ಎರಡು ವರ್ಷ ಬಿಟ್ಟು ಆ ಕಡತ ತೆರೆದವರಿಗೆ ಅದರ ಅರ್ಥ ಏನಾಗುತ್ತದೆ? ಟೀಚರ್ ಅಂಕ ಬದಲಾಯಿಸಿದ್ದಾರೆ ಎಂದಾಗುತ್ತದೆ. ನೀವು ಯಾವ ಪತ್ರಿಕೆಯ ಅಂಕವನ್ನೂ ಮುಟ್ಟಿಲ್ಲ, ಪತ್ರಿಕೆಯ ಮೇಲಿರುವ ಅಂಕವನ್ನು ಅದರ ಒಡತಿಯ ಹೆಸರಿನ ಮುಂದೆ ತಂದಿದ್ದೀರಿ. ಪತ್ರ ಹೇಳಬೇಕಾದ ಮುಖ್ಯ ಮಾತು ಇದು. "ಯಾವುದೇ ಉತ್ತರ ಪತ್ರಿಕೆಯನ್ನು ಮರುಮೌಲ್ಯಮಾಪನ ಮಾಡಿಲ್ಲ" ಎಂಬ ಒಂದು ಸಾಲು ಸ್ಪಷ್ಟವಾಗಿ ಇರಲಿ.

"ಕೆಲವು ವಿದ್ಯಾರ್ಥಿನಿಯರು" ಎಂಬ ಮಾತನ್ನೂ ತೆಗೆಯಿರಿ. ಎಷ್ಟು ಜನ, ಯಾವ ಸಂಖ್ಯೆಯಿಂದ ಯಾವ ಸಂಖ್ಯೆವರೆಗೆ, ಮೊದಲು ಎಷ್ಟಿತ್ತು, ಈಗ ಎಷ್ಟು, ಎಲ್ಲವೂ ಬೇಕು. "ಕೆಲವು" ಎಂದು ಬಿಟ್ಟರೆ ನಾಳೆ ಹದಿನೇಳನೆಯದನ್ನು ತಿದ್ದಿದರೂ ಆ ಪತ್ರವೇ ರಕ್ಷಣೆ ಕೊಡುತ್ತದೆ. ಹಾಗೆ ಕೊಡಬಾರದು.

ಹುಬ್ಬಳ್ಳಿ ಸಾಲಿ ಮಾಸ್ತರ

ಅಕ್ಕೋರ, ನಂದೂ ಹಿಂಗ ಆಗಿತ್ತು, ಆದರ ಹಾಜರಿ ಪುಸ್ತಕದಿಂದ ಅಲ್ಲ. ನಾ ಪಟ್ಟಿ ಎಕ್ಸೆಲ್‌ನ್ಯಾಗ ಮಾಡತೀನಿ. ಹೆಸರು ಅಕ್ಷರದ ಪ್ರಕಾರ ಬರಲಿ ಅಂತ ಹೆಸರಿನ ಕಾಲಂ ಒಂದನ್ನ ಹಿಡಿದು ಸಾರ್ಟ್ ಹೊಡದೆ. ಒಂದು ಎಚ್ಚರಿಕಿ ಬಂತು, `Expand the selection` ಅಂತ ಒಂದು, `Continue with the current selection` ಅಂತ ಇನ್ನೊಂದು. ಗಡಿಬಿಡಿಯೊಳಗ ಎರಡನೇದು ಒತ್ತಿದೆ. ಹೆಸರಷ್ಟ ಮ್ಯಾಲ ಕೆಳಗ ಆದವು, ಅಂಕ ಇದ್ದಲ್ಲೇ ಉಳದವು. ನಿಮ್ಮದರೊಳಗ ಎಲ್ಲಾ ಒಂದೊಂದು ಮನಿ ಸರದಾವ, ಅದಕ್ಕೊಂದು ಲೆಕ್ಕ ಐತಿ. ನಂದರೊಳಗ ಯಾವ ಲೆಕ್ಕನೂ ಇರಲಿಲ್ಲ, 38 ಪತ್ರಿಕಿ ಒಂದೊಂದಾಗಿ ತೆಗದು ಹೆಸರು ಓದಿ ಬರದೆ.

ನಾ ಆವತ್ತು ಪತ್ರ ಕೊಡಲಿಲ್ಲ, ಬರೇ ಹೊಸಾ ಪ್ರಿಂಟ್ ಕೊಟ್ಟೆ. ಹಳೇ ಪ್ರಿಂಟ್ ಒಂದು ಆಫೀಸಿನ್ಯಾಗ ಉಳಕೊಂಡಿತ್ತು. ಮುಂದ ಪಾಲಕರ ಸಭಾದಾಗ ಎರಡೂ ಹೊರಗ ಬಂದವು, ಯಾವುದು ಖರೇ ಅಂತ ಯಾರಿಗೂ ಹೇಳಾಕ ಆಗಲಿಲ್ಲ. ಪತ್ರ ಕೊಡ್ರಿ ಅಕ್ಕೋರ.

ಅಮ್ಮ, ತುಮಕೂರು

ನನ್ನ ಮಗನ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ತಂದೆ ಹೆಸರು ತಪ್ಪಾಗಿದೆ. ಅದನ್ನೂ ಹೀಗೆ ಪತ್ರ ಬರೆದು ಮುಖ್ಯ ಶಿಕ್ಷಕರಿಂದ ಸರಿ ಮಾಡಿಸಬಹುದಾ?

ನಿವೃತ್ತ ಮುಖ್ಯ ಶಿಕ್ಷಕ, ಮಲೆನಾಡು

ಅಮ್ಮಾ, ಅದು ಮಂಡಳಿ ಕೊಟ್ಟ ಅಂಕಪಟ್ಟಿ, ಶಾಲೆಯೊಳಗೆ ತಿದ್ದುವಂಥದ್ದಲ್ಲ. ಶಾಲೆಯ ಮೂಲಕ ಮಂಡಳಿಗೆ ಅರ್ಜಿ ಹೋಗಬೇಕು. ಮೊದಲು ಶಾಲೆಗೆ ಹೋಗಿ ದಾಖಲಾತಿ ವಹಿಯಲ್ಲಿ ತಂದೆಯ ಹೆಸರು ಹೇಗಿದೆ ನೋಡಿ. ಇಲ್ಲಿ ಮಾತಾಡುತ್ತಿರುವುದು ಶಾಲೆಯದೇ ಪರೀಕ್ಷೆಯ ಪಟ್ಟಿ.

ಗಣಿತ ಟೀಚರ್

ಸರ್, ಧನ್ಯವಾದ. ಅಂಕ ಬದಲಾಯಿಸಿದ ಹಾಗೆ ಓದಿಸಿಕೊಳ್ಳುತ್ತದೆ ಎಂದು ನನಗೆ ಹೊಳೆದೇ ಇರಲಿಲ್ಲ. ನೆನ್ನೆ ಸಂಜೆ ಹದಿನೈದು ಪತ್ರಿಕೆಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟು, ಒಂದೊಂದರ ಮೇಲಿನ ಹೆಸರನ್ನು ಜೋರಾಗಿ ಓದಿ ಬರೆದುಕೊಂಡೆ. ಹದಿನಾರನೆಯವಳು ಗೈರು. ಪತ್ರಿಕೆಯ ಈಗಿನ ಸಂಖ್ಯೆಯ ಪ್ರಕಾರ ಹೀಗಿದೆ: 27ಕ್ಕೆ 61 (ಹೊಸ ಹುಡುಗಿ), 28ಕ್ಕೆ 38, 29ಕ್ಕೆ 72, 30ಕ್ಕೆ 29, 31ಕ್ಕೆ 55, 32ಕ್ಕೆ 44, 33 ಗೈರು, 34ಕ್ಕೆ 66, 35ಕ್ಕೆ 33, 36ಕ್ಕೆ 48, 37ಕ್ಕೆ 48, 38ಕ್ಕೆ 51, 39ಕ್ಕೆ 24, 40ಕ್ಕೆ 58, 41ಕ್ಕೆ 70, 42ಕ್ಕೆ 35.

ಇದೇ ಅಂಕಗಳನ್ನು ನನ್ನ ಹಳೇ ಪಟ್ಟಿಯ 27ರಿಂದ 42ರ ಮುಂದೆ ಇದೇ ಸಾಲಿನಲ್ಲಿ ಬರೆದಿದ್ದೇನೆ. ಅಂದರೆ ಈಗ 29ನೇ ಸಂಖ್ಯೆಯವಳಿಗೆ ಬರಬೇಕಿದ್ದದ್ದು 72, ಪಟ್ಟಿಯಲ್ಲಿ ಬಂದದ್ದು 38. ಹೊಸ ಹುಡುಗಿಗೆ ಬರಬೇಕಿದ್ದದ್ದು 61, ಬಂದದ್ದು 35.

ನನಗೆ ಹೊಟ್ಟೆಯಲ್ಲಿ ಸಂಕಟ ಆಗುತ್ತಿರುವುದು ಇಬ್ಬರ ವಿಷಯದಲ್ಲಿ. 39ನೇ ಪತ್ರಿಕೆಯ ಹುಡುಗಿಗೆ 51 ಎಂದು ತರಗತಿಯಲ್ಲೇ ಓದಿಬಿಟ್ಟಿದ್ದೆ. ಅವಳಿಗೆ ನಿಜವಾಗಿ ಬಂದಿರುವುದು 24. ಅವಳ ಪಕ್ಕದ 40ನೆಯವಳಿಗೆ ಅದೇ 24 ಓದಿದ್ದೆ, ಅವಳದ್ದು 58. ಆ ಮಗು ಮನೆಯಲ್ಲಿ ಬೈಸಿಕೊಂಡು ಬಂದಿದ್ದಾಳೆ. ಮಾರನೇ ದಿನ ಕಣ್ಣು ಊದಿಕೊಂಡಿತ್ತು, ನಾನು ಓದಿಲ್ಲ ಅಂತ ಅಳುತ್ತಿದ್ದಾಳೆ ಅಂದುಕೊಂಡಿದ್ದೆ.

ಹಳ್ಳಿ ಶಾಲೆ ಮೇಷ್ಟ್ರು

51 ಅಂತ ಹೇಳಿಬಿಟ್ಟ ಮಗುವಿಗೆ 51 ಬಿಟ್ಟುಬಿಡಿ ಮೇಡಂ. ತಪ್ಪು ನಿಮ್ಮದು, ಅವಳಿಗೆ ಯಾಕೆ ಶಿಕ್ಷೆ? ಉಳಿದವರದ್ದು ಸರಿ ಮಾಡಿ.

ನಿವೃತ್ತ ಮುಖ್ಯ ಶಿಕ್ಷಕ, ಮಲೆನಾಡು

ಕರುಣೆಯ ಮಾತು, ಬೈಯುವುದಿಲ್ಲ. ಆದರೆ ಆ ಒಂದನ್ನು ಬಿಟ್ಟರೆ ಪತ್ರಿಕೆಯ ಮೇಲೆ 24, ಪಟ್ಟಿಯಲ್ಲಿ 51 ಇರುತ್ತದೆ. ಅಲ್ಲಿಗೆ "ಯಾವ ಅಂಕವನ್ನೂ ಬದಲಿಸಿಲ್ಲ" ಎಂಬ ವಾಕ್ಯ ಸುಳ್ಳಾಗುತ್ತದೆ, ಇಡೀ ಪತ್ರ ಬೀಳುತ್ತದೆ. ಇನ್ನೊಂದು: ಆ ಹುಡುಗಿಗೆ ಗಣಿತ ಹತ್ತುತ್ತಿಲ್ಲ. 51 ಎಂದು ಬಿಟ್ಟರೆ ಅವಳನ್ನು ಪರಿಹಾರ ಬೋಧನೆಗೆ ಯಾರೂ ಕರೆಯುವುದಿಲ್ಲ. ಹತ್ತನೇ ತರಗತಿಗೆ ಹೋದ ಮೇಲೆ ಗೊತ್ತಾಗುತ್ತದೆ.

ಇನ್ನು ಹಳೇ ಪಟ್ಟಿಯ ವಿಷಯ. ಒಂದೆರಡು ಅಂಕ ತಪ್ಪಿದ್ದರೆ ಅದೇ ಪಟ್ಟಿಯಲ್ಲಿ ತಿದ್ದಬಹುದು. ತಪ್ಪಿದ ಅಂಕದ ಮೇಲೆ ಒಂದೇ ಗೆರೆ, ಕೆಳಗಿನ ಅಂಕ ಓದುವಂತಿರಬೇಕು, ಪಕ್ಕದಲ್ಲಿ ಸರಿಯಾದ ಅಂಕ, ಚಿಕ್ಕ ಸಹಿ, ದಿನಾಂಕ. ವೈಟ್‌ನರ್ ಬೇಡವೇ ಬೇಡ. ಅದು ಏನನ್ನು ಮುಚ್ಚಿದೆ ಎಂದು ಯಾರಿಗೂ ಕಾಣದು, ಅನುಮಾನ ಮಾತ್ರ ಉಳಿಯುತ್ತದೆ. ಆದರೆ ನಿಮ್ಮದರಲ್ಲಿ ಒಂದೇ ಕಾಲಂನಲ್ಲಿ ಹದಿನೈದು ತಿದ್ದುಪಡಿ. ಹಾಗೆ ಗೀಚಿದ ಹಾಳೆಯನ್ನು ನೋಡಿಕೊಂಡು ಸ್ಯಾಟ್ಸ್‌ಗೆ ಏರಿಸುವವರು ಮತ್ತೆ ತಪ್ಪುತ್ತಾರೆ. ಹೊಸ ಪಟ್ಟಿ ಬರೆಯಿರಿ, ಮೇಲೆ "ತಿದ್ದುಪಡಿ ಪಟ್ಟಿ" ಎಂದಿರಲಿ. ಹಳೆಯದಕ್ಕೆ ಓರೆಯಾಗಿ ಒಂದು ಗೆರೆ ಎಳೆದು "ರದ್ದು" ಎಂದು ಬರೆದು ಸಹಿ ಮಾಡಿ ಪತ್ರಕ್ಕೇ ಲಗತ್ತಿಸಿ. ಹರಿದು ಎಸೆಯಬೇಡಿ.

ಕಂಪ್ಯೂಟರ್ ಶಿಕ್ಷಕಿ

ಹದಿನಾರು ಅಲ್ವಾ ಸರ್, ಹದಿನೈದು ಹೇಗೆ?

ನಿವೃತ್ತ ಮುಖ್ಯ ಶಿಕ್ಷಕ, ಮಲೆನಾಡು

36 ಮತ್ತು 37ನೇ ಪತ್ರಿಕೆ ಎರಡಕ್ಕೂ 48 ಬಂದಿದೆ, ನೋಡಿ. 37ನೇ ಪತ್ರಿಕೆಯ ಹುಡುಗಿಗೆ 36ನೆಯವಳ 48 ಬಿದ್ದಿತ್ತು, ಈಗ ಅವಳದೇ 48 ಬರುತ್ತದೆ. ಅಂಕಿ ಬದಲಾಗುವುದಿಲ್ಲ. ಆದರೂ ಪಟ್ಟಿಯಲ್ಲಿ ಅವಳನ್ನು ಬಿಡಬಾರದು. ಬಿಟ್ಟರೆ ನಡುವೆ ಒಬ್ಬಳು ಯಾಕಿಲ್ಲ ಎಂಬ ಪ್ರಶ್ನೆ ಬರುತ್ತದೆ. "ಬದಲಾವಣೆ ಇಲ್ಲ" ಎಂದು ಷರಾ ಬರೆಯಿರಿ.

ಕಂಪ್ಯೂಟರ್ ಶಿಕ್ಷಕಿ

ಸರಿ ಸರ್. ನನ್ನ ಅಭಿಪ್ರಾಯದಲ್ಲಿ ರೋಲ್ ನಂಬರನ್ನೇ ಬಿಟ್ಟು ಎಲ್ಲ ಕಡೆ ಸ್ಯಾಟ್ಸ್ ಸಂಖ್ಯೆ ಬಳಸಿದರೆ ಈ ತೊಂದರೆ ಬರುವುದೇ ಇಲ್ಲ. ಮಗು ಶಾಲೆ ಬದಲಾಯಿಸಿದರೂ ಅದು ಬದಲಾಗುವುದಿಲ್ಲ. ಎರಡು ಪಟ್ಟಿ ಅಕ್ಕಪಕ್ಕ ಇಟ್ಟು ತಾಳೆ ನೋಡುವುದೂ ಸುಲಭ. ಹಳೇ ಪಟ್ಟಿಯ ಸಂಖ್ಯೆಗಳು A ಕಾಲಂನಲ್ಲಿ, ಹೊಸ ಪಟ್ಟಿಯವು B ಕಾಲಂನಲ್ಲಿ ಇದ್ದರೆ ಇಷ್ಟು ಸಾಕು:

```
=IF(A2=B2,"","ನೋಡಿ")
```

ಹುಬ್ಬಳ್ಳಿ ಸಾಲಿ ಮಾಸ್ತರ

ಮೇಡಂ, ಪಟ್ಟಿಗೆ ಅದು ಛಲೋ. ಆದರ ಪರೀಕ್ಷಾ ಬರಿಯೋ ಹುಡುಗ ಅಷ್ಟುದ್ದದ ನಂಬರ ನೆನಪಿಟ್ಟು ಪತ್ರಿಕಿ ಮ್ಯಾಲ ಬರಿಯೂದಿಲ್ಲ, ಬರದ್ರೂ ಒಂದು ಅಂಕಿ ತಪ್ಪತಾನ. ಪತ್ರಿಕಿ ಮ್ಯಾಲ ಹೆಸರು, ರೋಲ್ ನಂಬರ ಎರಡೂ ಇರತಾವ. ಏರಿಸುವಾಗ ಎರಡೂ ನೋಡಬೇಕು, ಅಷ್ಟ.

ಕಂಪ್ಯೂಟರ್ ಶಿಕ್ಷಕಿ

ಹೌದು, ಪತ್ರಿಕೆಯ ಮೇಲೆ ಆಗಲ್ಲ, ಒಪ್ಪುತ್ತೇನೆ. ಆದರೆ ಪತ್ರದ ಕೋಷ್ಟಕದಲ್ಲಾದರೂ ರೋಲ್ ನಂಬರ್ ಒಂದನ್ನೇ ನಂಬಬೇಡಿ ಟೀಚರ್. "33ನೇ ಸಂಖ್ಯೆ" ಎಂದರೆ ಹಳೆಯ 33 ಯಾರೋ, ಹೊಸ 33 ಯಾರೋ. ಮೊದಲ ಕಾಲಂ ದಾಖಲಾತಿ ಸಂಖ್ಯೆ, ಆಮೇಲೆ ಹೆಸರು, ಆಮೇಲೆ ಈಗಿನ ಹಾಜರಿ ಸಂಖ್ಯೆ ಇರಲಿ.

ಗಣಿತ ಟೀಚರ್

ಒಂದು ಕಷ್ಟದ ವಿಷಯ ಕೇಳುತ್ತೇನೆ. ಆಗಸ್ಟ್‌ನಲ್ಲಿ ಕ್ರಮ ಬದಲಾಗಿದ್ದನ್ನು ತರಗತಿ ಶಿಕ್ಷಕರು ವಿಷಯ ಶಿಕ್ಷಕರಿಗೆ ತಿಳಿಸಿರಲಿಲ್ಲ. ಅದನ್ನು ಬರೆದರೆ ಅವರ ಮೇಲೆ ದೂರು ಹೇಳಿದ ಹಾಗಾಗುತ್ತದೆ. ಬರೆಯದಿದ್ದರೆ ಕಾರಣವೇ ಇಲ್ಲದ ಪತ್ರವಾಗುತ್ತದೆ. ಅವರು ಒಳ್ಳೆಯವರು, ನನಗಿಂತ ಹಿರಿಯರು.

ಹಳ್ಳಿ ಶಾಲೆ ಮೇಷ್ಟ್ರು

ಬರೆಯಿರಿ. ತಪ್ಪು ಶುರುವಾಗಿದ್ದೇ ಅಲ್ಲಿ. ನೀವೊಬ್ಬರೇ ಯಾಕೆ ತಲೆಗೆ ಕಟ್ಟಿಕೊಳ್ಳಬೇಕು?

ನಿವೃತ್ತ ಮುಖ್ಯ ಶಿಕ್ಷಕ, ಮಲೆನಾಡು

ಹಾಜರಿ ಪುಸ್ತಕ ಏನು ಹೇಳುತ್ತದೋ ಅದನ್ನು ಬರೆಯಿರಿ, ವ್ಯಕ್ತಿಯನ್ನು ತರಬೇಡಿ. "ಆಗಸ್ಟ್ ತಿಂಗಳ ಹಾಜರಿ ಪುಸ್ತಕದಲ್ಲಿ ಕ್ರಮ ಸಂಖ್ಯೆ ಬದಲಾಗಿರುತ್ತದೆ" ಎಂಬುದು ಯಾರು ಬೇಕಾದರೂ ತೆರೆದು ನೋಡಬಹುದಾದ ಸಂಗತಿ. "ನನಗೆ ತಿಳಿಸಲಿಲ್ಲ" ಎಂಬುದು ದೂರು. ನಿಮ್ಮ ಪಾಲನ್ನು ಮಾತ್ರ ಪೂರ್ತಿ ಬರೆಯಿರಿ: ಹೆಸರನ್ನು ತಾಳೆ ನೋಡದೆ ಸಂಖ್ಯೆಯಿಂದಷ್ಟೇ ನಮೂದಿಸಿದ್ದೇನೆ. ಪತ್ರ ಕೊಡುವ ಮುಂಚೆ ಆ ಹಿರಿಯರಿಗೆ ಒಮ್ಮೆ ಓದಿ ಹೇಳಿ. ಹಿಂದಿನಿಂದ ಗೊತ್ತಾದರೆ ನೋವಾಗುತ್ತದೆ.

ಮತ್ತೊಂದು ಕೇಳಬೇಕಿತ್ತು. ನಿಮ್ಮ ಹಾಗೆ ಜುಲೈ ಪಟ್ಟಿ ಇಟ್ಟುಕೊಂಡ ಬೇರೆ ವಿಷಯ ಶಿಕ್ಷಕರು ಇದ್ದಾರೆಯೇ? ಅವರ ಪರೀಕ್ಷೆಯ ದಿನ ಯಾರೂ ಗೈರಾಗಿರದಿದ್ದರೆ ಅವರ ಪಟ್ಟಿ ನೋಡಲು ಅಚ್ಚುಕಟ್ಟಾಗೇ ಇರುತ್ತದೆ. ಇಡೀ ಕಟ್ಟು ಬಿಚ್ಚಬೇಕಿಲ್ಲ. ಹಾಜರಿ ಪುಸ್ತಕದಲ್ಲಿ ಕ್ರಮ ಮುರಿದಿರುವುದು 27ರಲ್ಲಿ. ಆ 27ನೇ ಪತ್ರಿಕೆ, ಕೊನೆಯ 42ನೇ ಪತ್ರಿಕೆ ಎರಡನ್ನು ತೆಗೆದು ಹೆಸರು ನೋಡಿದರೆ ಗೊತ್ತಾಗುತ್ತದೆ.

ಗಣಿತ ಟೀಚರ್

ಸರ್, ನೀವು ಹೇಳಿದ ಹಾಗೆ ಮತ್ತೆ ಬರೆದೆ. ನೋಡಿ:

*ಇವರಿಗೆ,*
*ಮುಖ್ಯ ಶಿಕ್ಷಕರು,*
*ಸರ್ಕಾರಿ ಪ್ರೌಢಶಾಲೆ.*

*ಮಾನ್ಯರೇ,*

*ವಿಷಯ: ಒಂಬತ್ತನೇ ತರಗತಿ ಬಿ ವಿಭಾಗದ ಅರ್ಧವಾರ್ಷಿಕ ಪರೀಕ್ಷೆಯ ಗಣಿತ ಅಂಕಪಟ್ಟಿಯಲ್ಲಿ ಕ್ರಮ ಸಂಖ್ಯೆ ಹೊಂದಾಣಿಕೆಯಾಗದೆ ಉಂಟಾದ ತಪ್ಪಿನ ತಿದ್ದುಪಡಿ ಕುರಿತು.*

*ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ನಾನು ದಸರಾ ರಜೆಗೆ ಮುನ್ನ ತಮಗೆ ಸಲ್ಲಿಸಿದ ಅಂಕಪಟ್ಟಿಯಲ್ಲಿ ಹದಿನಾರು ವಿದ್ಯಾರ್ಥಿನಿಯರ ಹೆಸರಿನ ಮುಂದೆ ಬೇರೆ ವಿದ್ಯಾರ್ಥಿನಿಯರ ಅಂಕಗಳು ನಮೂದಾಗಿರುತ್ತವೆ. ಜುಲೈ ತಿಂಗಳಲ್ಲಿ ದಾಖಲಾದ ವಿದ್ಯಾರ್ಥಿನಿಯ ಹೆಸರು ಆ ತಿಂಗಳ ಹಾಜರಿ ಪುಸ್ತಕದಲ್ಲಿ 42ನೇ ಸಂಖ್ಯೆಯಲ್ಲಿದ್ದು, ಆಗಸ್ಟ್ ತಿಂಗಳ ಹಾಜರಿ ಪುಸ್ತಕದಲ್ಲಿ 27ನೇ ಸಂಖ್ಯೆಯಲ್ಲಿರುತ್ತದೆ. ಇದರಿಂದ ಹಿಂದಿನ 27ರಿಂದ 41ರವರೆಗಿನ ಸಂಖ್ಯೆಗಳು 28ರಿಂದ 42 ಆಗಿರುತ್ತವೆ. ಉತ್ತರ ಪತ್ರಿಕೆಗಳಲ್ಲಿ ಈಗಿನ ಸಂಖ್ಯೆ ಇದ್ದು, ನನ್ನ ಅಂಕಗಳ ಪುಸ್ತಕದಲ್ಲಿ ಜುಲೈ ತಿಂಗಳ ಕ್ರಮವಿತ್ತು. ನಾನು ಹೆಸರನ್ನು ತಾಳೆ ನೋಡದೆ ಸಂಖ್ಯೆಯ ಆಧಾರದಿಂದ ಮಾತ್ರ ಅಂಕಗಳನ್ನು ನಮೂದಿಸಿದ್ದರಿಂದ ಈ ತಪ್ಪು ಉಂಟಾಗಿರುತ್ತದೆ.*

*ಹದಿನೈದು ಉತ್ತರ ಪತ್ರಿಕೆಗಳನ್ನು ಹೆಸರಿನೊಂದಿಗೆ ಪುನಃ ತಾಳೆ ನೋಡಿ ತಿದ್ದುಪಡಿ ಪಟ್ಟಿ ಸಿದ್ಧಪಡಿಸಿರುತ್ತೇನೆ. ಪರೀಕ್ಷೆಗೆ ಗೈರುಹಾಜರಾದವರು ಈಗಿನ 33ನೇ ಸಂಖ್ಯೆಯ ವಿದ್ಯಾರ್ಥಿನಿ. 34ನೇ ಸಂಖ್ಯೆಯವರು ಪರೀಕ್ಷೆ ಬರೆದು 66 ಅಂಕ ಪಡೆದಿರುತ್ತಾರೆ. ಯಾವುದೇ ಉತ್ತರ ಪತ್ರಿಕೆಯನ್ನು ಮರುಮೌಲ್ಯಮಾಪನ ಮಾಡಿಲ್ಲ, ಪತ್ರಿಕೆಯ ಮೇಲಿನ ಯಾವ ಅಂಕವನ್ನೂ ಬದಲಿಸಿಲ್ಲ. ತರಗತಿಯ ಒಟ್ಟು ಅಂಕ ತಿದ್ದುಪಡಿಗೆ ಮೊದಲೂ ನಂತರವೂ 2,017 ಆಗಿರುತ್ತದೆ. 1ರಿಂದ 26ರವರೆಗಿನ ಅಂಕಗಳನ್ನೂ ಹೆಸರಿನೊಂದಿಗೆ ತಾಳೆ ನೋಡಿದ್ದು, ಅವು ಸರಿಯಾಗಿರುತ್ತವೆ.*

*ತಾವು ದಯವಿಟ್ಟು ಉತ್ತರ ಪತ್ರಿಕೆಗಳೊಂದಿಗೆ ಪರಿಶೀಲಿಸಿ, ತಿದ್ದುಪಡಿ ಪಟ್ಟಿಯನ್ನು ದೃಢೀಕರಿಸಿ, ಹಿಂದಿನ ಪಟ್ಟಿಯನ್ನು ರದ್ದುಪಡಿಸಬೇಕಾಗಿ ಕೋರುತ್ತೇನೆ. ನನ್ನಿಂದಾದ ತಪ್ಪಿಗೆ ವಿಷಾದಿಸುತ್ತೇನೆ.*

*ತಮ್ಮ ವಿಶ್ವಾಸಿ,*
*ಸಹ ಶಿಕ್ಷಕಿ (ಗಣಿತ)*

*ಲಗತ್ತು: ಹದಿನಾರು ವಿದ್ಯಾರ್ಥಿನಿಯರ ಕೋಷ್ಟಕ, ತಿದ್ದುಪಡಿ ಪಟ್ಟಿ, ಹಿಂದಿನ ಪಟ್ಟಿ, 27ರಿಂದ 42ರವರೆಗಿನ ಉತ್ತರ ಪತ್ರಿಕೆಗಳು (33 ಹೊರತು).*

ನಿವೃತ್ತ ಮುಖ್ಯ ಶಿಕ್ಷಕ, ಮಲೆನಾಡು

ಚೆನ್ನಾಗಿದೆ. ಒಟ್ಟು ಅಂಕದ ಸಾಲು ಸೇರಿಸಿದ್ದು ಒಳ್ಳೆಯದಾಯಿತು. ತಪ್ಪನ್ನು ತೋರಿಸಲು ಬಾರದ ಮೊತ್ತ, ಹೊಸದಾಗಿ ಅಂಕ ಸೇರಿಲ್ಲ, ಕಳೆದಿಲ್ಲ ಎಂಬುದಕ್ಕೆ ಸಾಕ್ಷಿಯಾಗಿ ನಿಲ್ಲುತ್ತದೆ. ಎರಡು ಪ್ರತಿ ಮಾಡಿ. ಒಂದರ ಮೇಲೆ "ಸ್ವೀಕರಿಸಿದೆ" ಎಂದು ಸಹಿ, ದಿನಾಂಕ ಹಾಕಿಸಿಕೊಂಡು ನಿಮ್ಮ ಹತ್ತಿರ ಇಟ್ಟುಕೊಳ್ಳಿ.

ಅಮ್ಮ, ತುಮಕೂರು

ಟೀಚರ್, ಪತ್ರ ಶಾಲೆಗೆ ಆಯಿತು. ಬೈಸಿಕೊಂಡ ಆ ಮಗುವಿನ ಮನೆಯವರಿಗೆ ಯಾರು ಹೇಳುತ್ತಾರೆ? ನನ್ನ ಮಗನಿಗೆ ಹಾಗಾಗಿದ್ದರೆ ಟೀಚರೇ ಬಂದು ಹೇಳಲಿ ಅನ್ನಿಸುತ್ತಿತ್ತು.

ಹುಬ್ಬಳ್ಳಿ ಸಾಲಿ ಮಾಸ್ತರ

ಹದಿನೈದೂ ಹುಡುಗ್ಯಾರಿಗೆ ಅವರವರ ಪತ್ರಿಕಿ ಕೈಯಾಗ ಕೊಟ್ಟು ತೋರಸ್ರಿ ಅಕ್ಕೋರ. ಪಟ್ಟಿ ಮ್ಯಾಲ ಸಹಿನೂ ತಗೋರಿ.

ನಿವೃತ್ತ ಮುಖ್ಯ ಶಿಕ್ಷಕ, ಮಲೆನಾಡು

ಪತ್ರಿಕೆ ತೋರಿಸುವುದು ಸರಿ. ಮಕ್ಕಳ ಸಹಿ ಬೇಕೇ ಎಂಬುದರಲ್ಲಿ ನನಗೆ ಅನುಮಾನ. ಒಂಬತ್ತನೆಯ ತರಗತಿ ಮಗು ಟೀಚರ್ ಎದುರಿಗೆ ನಿಂತು ಸಹಿ ಹಾಕಲ್ಲ ಎನ್ನುತ್ತದೆಯೇ?

ಹುಬ್ಬಳ್ಳಿ ಸಾಲಿ ಮಾಸ್ತರ

ನಮ್ಮಲ್ಲಿ ತಗೋತೀವಿ ಸರ್ರ. ಮುಂದ ನಾ ನೋಡೇ ಇಲ್ಲ ಅನ್ನೋ ಮಾತು ಬರೂದಿಲ್ಲ.

ಗಣಿತ ಟೀಚರ್

ಇವತ್ತು ಪತ್ರ ಕೊಟ್ಟೆ. ಮುಖ್ಯ ಶಿಕ್ಷಕರು ಮೊದಲು "ಇಷ್ಟುದ್ದ ಯಾಕೆ" ಅಂದರು. ನಾನೇ 27ನೇ ಪತ್ರಿಕೆ ಕೈಗೆ ಕೊಟ್ಟೆ. ಹೆಸರು ಓದಿ ಪಟ್ಟಿ ನೋಡಿದರು, ಆಮೇಲೆ ಉಳಿದ ಹದಿನಾಲ್ಕನ್ನೂ ತಾವೇ ಒಂದೊಂದಾಗಿ ತಿರುವಿ ಟಿಕ್ ಹಾಕಿ ಸಹಿ ಮಾಡಿದರು. ತರಗತಿ ಶಿಕ್ಷಕರಿಗೆ ನೆನ್ನೆಯೇ ಓದಿ ಹೇಳಿದ್ದೆ. ಏನೂ ಮಾತಾಡಲಿಲ್ಲ. ಇವತ್ತು ಸ್ಟಾಫ್ ರೂಮಿನ ಗೋಡೆಗೆ ಹೊಸ ಕ್ರಮದ ಪಟ್ಟಿ ಅಂಟಿಸಿದ್ದಾರೆ.

ಸಮಾಜ ವಿಜ್ಞಾನದ ಸರ್ ಜುಲೈನಲ್ಲಿ ನನ್ನ ಪುಸ್ತಕ ನೋಡಿಕೊಂಡೇ ಹೆಸರು ಬರೆದುಕೊಂಡಿದ್ದರು. ಎರಡು ಪತ್ರಿಕೆ ತೆಗೆದು ನೋಡಿ ಎಂದು ಹೇಳಿದ್ದೇನೆ. ನೋಡುತ್ತೇನೆ ಎಂದಿದ್ದಾರೆ, ಇನ್ನೂ ಕಟ್ಟು ಬಿಚ್ಚಿಲ್ಲ.

ಬೈಸಿಕೊಂಡ ಹುಡುಗಿಯ ಮನೆಗೆ ಸಂಜೆ ಹೋಗಿದ್ದೆ ಅಮ್ಮಾ. ಅವಳ ಪತ್ರಿಕೆಯನ್ನೂ ತೆಗೆದುಕೊಂಡು ಹೋಗಿದ್ದೆ. ಅವಳ ಅಪ್ಪ 58ರ ಮೇಲೆ ಬೆರಳಿಟ್ಟು ಎರಡು ಸಲ ಓದಿದರು. ನಾಳೆ ಆ 24ರ ಹುಡುಗಿಯನ್ನು ಒಬ್ಬಳೇ ಕೂರಿಸಿಕೊಂಡು ಪತ್ರಿಕೆ ತೋರಿಸಬೇಕು. ಬೀಜಗಣಿತದ ಲೆಕ್ಕಗಳನ್ನೆಲ್ಲ ಬಿಟ್ಟಿದ್ದಾಳೆ. ಅಲ್ಲಿಂದಲೇ ಮಾತು ಶುರು ಮಾಡೋಣ ಅಂದುಕೊಂಡಿದ್ದೇನೆ.